ಸುಮಲತಾ ಕಟ್ಟಿದ ಮೊಗ್ಗಿನ ಪೆಟ್ಟಿಗೆ

ಮಾಗಳದ ಸುಮಲತಾ ಬಗ್ಗೆ ಊರಿನಲ್ಲಿ ಯಾರನ್ನಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ: ಆಕಿ ಭಾಳ ಒಳ್ಳೇಕಿ. ಈ ಒಳ್ಳೆಯತನವೇ ಅವಳ ಬದುಕಿಗೆ ಮುಳುವಾಯಿತು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ. ನಡೆದದ್ದನ್ನು ನಡೆದ ಹಾಗೆ ಹೇಳದೆ ಇನ್ನೇನು ಹೇಳುವುದು?

ಹೂವಿನಹಡಗಲಿಯಲ್ಲಿ ಮಲ್ಲಿಗೆ ಬೆಳೆಗಾರರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆ ಇತ್ತು. ಹೆಡ್ ಆಫೀಸು ಬೆಂಗಳೂರಿನಲ್ಲಿ, ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಆಫೀಸು. ಸುಮಲತಾ ಅಲ್ಲಿ ಕ್ಷೇತ್ರ ಸಿಬ್ಬಂದಿ. ಸಾಗಣೆ ನೋಡಿಕೊಳ್ಳಲು ಓಬಳೇಶ್, ಕಂಪ್ಯೂಟರ್ ಮುಂದೆ ಶೈಲಾ. ಮೂವರ ಮೇಲೆ ಮ್ಯಾನೇಜರ್ ಪ್ರವೀಣಕುಮಾರ್. ಎಲ್ಲರದೂ ವರ್ಷ ವರ್ಷಕ್ಕೆ ಕರಾರು ಬರೆದುಕೊಡುವ ನೌಕರಿ. ಆ ವರ್ಷ ಹೆಡ್ ಆಫೀಸಿನಿಂದ ಸುದ್ದಿ ಬಂತು: ಮಾರ್ಚಿಗೆ ಯೋಜನೆ ಮುಗಿಯುತ್ತದೆ, ಆಮೇಲೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಐದೂ ಕಡೆ ಸೇರಿಸಿ ಒಬ್ಬರನ್ನೇ ಸಂಯೋಜಕರಾಗಿ ಉಳಿಸಿಕೊಳ್ಳುತ್ತೇವೆ, ಕಾಯಂ ಕೆಲಸ. ಆ ಕೆಲಸ ತನಗೆ ಸಿಗಬೇಕು ಎಂದು ಸುಮಲತಾ ಆಸೆಪಟ್ಟಳು. ಜೀವನದಲ್ಲಿ ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ. ಅದೂ ಗಂಡ ಹಂಪೇಶನ ಮುಂದೆ ಮಾತ್ರ, ರೊಟ್ಟಿ ಬಡಿಯುತ್ತಾ.

ಆಸೆ ಪಡಲು ಕಾರಣವೂ ಇತ್ತು. ಹಡಗಲಿ ಮಲ್ಲಿಗೆಯ ಮೊಗ್ಗು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕಂದಿ ಹೋಗುತ್ತಿತ್ತು. ವ್ಯಾಪಾರಿ ಅರ್ಧ ಮಾಲು ವಾಪಸು ಕಳಿಸುತ್ತಿದ್ದ. ನೀರು ಚಿಮುಕಿಸಿ ಚೀಲದಲ್ಲಿ ಒತ್ತಿ ತುಂಬಿದರೆ ಮೊಗ್ಗು ಒಳಗೊಳಗೇ ಬಿಸಿಯಾಗಿ ಬೇಯುತ್ತದೆ ಎಂದು ಸುಮಲತಾ ಕಂಡುಕೊಂಡಳು. ಹಾಗೆಂದು ಮೊದಲ ದಿನವೇ ಏನೂ ಸರಿಹೋಗಲಿಲ್ಲ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇಟ್ಟಳು, ಮಂಜು ತಾಗಿದ ಮೊಗ್ಗೆಲ್ಲ ಕಪ್ಪಾಯಿತು. ಬೆಳೆಗಾರರ ಪೈಕಿ ಹೊನ್ನೂರಮ್ಮ ಎಂಬಾಕೆ ಬೈದಳು ನೋಡಿ, ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಮಂಜಿನ ಪೊಟ್ಟಣಕ್ಕೆ ಪೇಪರು ಸುತ್ತಿದಳು. ಬಿಡಿಸಿದ ಮೊಗ್ಗನ್ನು ಮೊದಲು ನೆರಳಲ್ಲಿ ತೆಳ್ಳಗೆ ಹರವಿ, ಆರಿದ ಮೇಲೆ ಸಡಿಲವಾಗಿ ತುಂಬಿಸಿದಳು. ರೈತರೆಲ್ಲ ಹಡಗಲಿಗೆ ಬರುವ ಬದಲು ಊರೂರಲ್ಲೇ ಸಂಗ್ರಹಿಸುವ ಜಾಗ ಮಾಡಿದಳು. ಓಬಳೇಶ್ ಕಂಡಕ್ಟರುಗಳ ಕಾಲು ಕೈ ಹಿಡಿದು ಮೊದಲ ಬಸ್ಸಿನಲ್ಲಿ ಪೆಟ್ಟಿಗೆಗೆ ಜಾಗ ಮಾಡಿಸಿದ. ಯಾವ ಊರಿನ ಮಾಲು ಎಷ್ಟು ವಾಪಸು ಬಂತು ಎಂದು ಶೈಲಾ ದಿನಾ ಲೆಕ್ಕ ಇಟ್ಟಳು. ಒಂದು ಹಂಗಾಮು ಕಳೆಯುವಷ್ಟರಲ್ಲಿ ವಾಪಸು ಬರುವುದು ನಿಂತೇಹೋಯಿತು.

ಪ್ರವೀಣಕುಮಾರ್ ಆಗ ಏನು ಮಾಡುತ್ತಿದ್ದ? ಫೋಟೊ ತೆಗೆಯುತ್ತಿದ್ದ. ಕೆಟ್ಟವನೇನಲ್ಲ. ಸಂಜೆ ಎಲ್ಲರಿಗೂ ಮಿರ್ಚಿ ಮಂಡಕ್ಕಿ ತರಿಸುವನು, ಸುಮಲತಾಳ ಮಗಳಿಗೆ ಜ್ವರ ಬಂದರೆ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವನು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅವನಿಗೆ ಆನ್‌ಲೈನ್ ಮೀಟಿಂಗಿನಲ್ಲಿ ಸ್ಲೈಡ್ ತೋರಿಸಲು ಬರುತ್ತಿರಲಿಲ್ಲ, ಅದಕ್ಕೆ ಶೈಲಾಳನ್ನು ಪಕ್ಕ ಕೂರಿಸಿಕೊಳ್ಳುತ್ತಿದ್ದ. ಅಂಥ ಒಂದು ಮೀಟಿಂಗಿನಲ್ಲಿ ಹೆಡ್ ಆಫೀಸಿನವರ ಮುಂದೆ ಅವನು ಬಾಯಿ ತೆರೆದ: ನಾನು ಸಮಸ್ಯೆ ಅಧ್ಯಯನ ಮಾಡಿದೆ, ನಾನು ಒಂದು ಮಾದರಿ ರೂಪಿಸಿದೆ, ನಾನು ಜಾರಿಗೆ ತಂದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಕೊನೆಯ ಸ್ಲೈಡಿನಲ್ಲಿ ಶೈಲಾ ಮೂವರ ಹೆಸರು ಬರೆದಿದ್ದಳು. ಅದು ಬರುವಷ್ಟರಲ್ಲಿ ಅವನು ಕೈಸನ್ನೆ ಮಾಡಿ, ಟೈಮ್ ಆತು, ಮುಚ್ಚು ಅಂದ. ಶೈಲಾ ತನ್ನ ಹೆಸರನ್ನು ತನ್ನ ಕೈಯಾರೆ ಮುಚ್ಚಿದಳು. ಹೊರಗೆ ಬಂದು ಸುಮಲತಾಳಿಗೆ ಎಲ್ಲ ಹೇಳಿ ಅತ್ತಳು.

ಸುಮಲತಾ ಕೂಗಾಡುವ ಹೆಣ್ಣಲ್ಲ. ಮರುದಿನ ಅವನು ಒಬ್ಬನೇ ಇದ್ದಾಗ ಹೋಗಿ ಮೆತ್ತಗೆ ಕೇಳಿದಳು, ಮುಂದಿನ ಮೀಟಿಂಗಿನಲ್ಲಿ ಪ್ಯಾಕಿಂಗಿನ ಭಾಗ ನಾನು ಹೇಳಲೇ, ನೀವು ಉಳಿದದ್ದು ಹೇಳಿ ಎಂದು. ಕೇಳಿದ್ದು ತಪ್ಪಲ್ಲ, ಮೊದಲು ಕೇಳಬೇಕಾದ್ದು ಹಾಗೇ. ಪ್ರವೀಣಕುಮಾರ್ ನಕ್ಕ.

"ನಾವೆಲ್ಲ ಒಂದ ಮನಿಯವರಲ್ಲೇನ್ರಿ? ಮನಿ ಹಿರಿಯ ಮಾತಾಡಿದ್ರ ಮನಿಯವರೆಲ್ಲ ಮಾತಾಡಿದಂಗ."

ಆಮೇಲೆ ಅವಳು ಇನ್ನೊಂದು ದಾರಿ ಹಿಡಿದಳು. ಪ್ರತಿ ಶುಕ್ರವಾರ ಒಂದು ಸಣ್ಣ ಮೇಲ್: ಈ ವಾರ ಓಬಳೇಶ್ ಇದು ಮಾಡಿದರು, ಶೈಲಾ ಇದು ಮಾಡಿದರು, ನಾನು ಇದು ಮಾಡಿದೆ, ಇದರಿಂದ ಇಂಥದ್ದು ಆಯಿತು. ದೂರಿಲ್ಲ, ಕೊಂಕಿಲ್ಲ. ಮ್ಯಾನೇಜರಿಗೆ ಕಳಿಸಿ ಹೆಡ್ ಆಫೀಸಿಗೂ ಒಂದು ಪ್ರತಿ ಹಾಕುತ್ತಿದ್ದಳು. ಕೆಲವು ವಾರ ನಡೆಯಿತು. ಆಮೇಲೆ ಪ್ರವೀಣಕುಮಾರ್, ಭಾಳ ಚಲೋ ಪದ್ಧತಿ, ಆದರೆ ಮೇಲಿನವರಿಗೆ ಸುಮ್ಮನೆ ತೊಂದರೆ, ನನಗಷ್ಟೇ ಕಳಿಸಿ, ನಾನು ಮುಂದಕ್ಕೆ ಕಳಿಸುತ್ತೇನೆ ಅಂದ. ಕಳಿಸಿದ. ಹೆಸರುಗಳನ್ನು ತೆಗೆದು ಕಳಿಸಿದ.

ಕೊನೆಗೆ ಓಬಳೇಶ್ ಒಂದು ಉಪಾಯ ಹೇಳಿದ. ನಮ್ಮ ನಮ್ಮ ಹೆಸರು ನಾವೇ ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ, ಸರಿ, ಒಬ್ಬರದನ್ನು ಇನ್ನೊಬ್ಬರು ಹೇಳೋಣ. ಇದು ಕೆಲಸ ಮಾಡಿತು. ಎಲ್ಲರೂ ಇದ್ದ ಮೀಟಿಂಗಿನಲ್ಲಿ ಹೆಡ್ ಆಫೀಸಿನ ನಿರ್ದೇಶಕಿ ಏನೋ ಲೆಕ್ಕ ಕೇಳಿದಾಗ ಶೈಲಾ ಉತ್ತರ ಕೊಟ್ಟು, ಜೊತೆಗೇ ಹೇಳಿಬಿಟ್ಟಳು: ಮಂಜಿಗೆ ಪೇಪರು ಸುತ್ತುವ ವಿಚಾರ ಸುಮಲತಾ ಅಕ್ಕನದು. ನಿರ್ದೇಶಕಿ, ಹೌದಾ, ಅವರನ್ನು ನಾನು ನೋಡಬೇಕಲ್ಲ, ಮುಂದಿನ ತಿಂಗಳು ಮಾಗಳಕ್ಕೇ ಬರುತ್ತೇನೆ ಅಂದರು. ಆ ತಿಂಗಳು ಸುಮಲತಾ ಗಾಳಿಯಲ್ಲಿ ತೇಲಿದಳು. ಹಂಪೇಶ್ ಅವಳಿಗೊಂದು ಹೊಸ ಸೀರೆ ತಂದ.

ನಿರ್ದೇಶಕಿ ಬಂದರು. ಬೆಳಿಗ್ಗೆ, ಮೊಗ್ಗು ಹರವಿದ್ದ ಚಪ್ಪರದ ಕೆಳಗೆ. ಶಾಲು ಹೊದಿಸಿದ್ದಾಯಿತು, ಹೂವಿನ ಹಾರ ಆಯಿತು, ಬೆಳೆಗಾರರೆಲ್ಲ ಸುತ್ತ ನಿಂತರು. ಅವರು ಪೆಟ್ಟಿಗೆಯನ್ನು ತೆರೆಸಿ ನೋಡಿ, ನೇರವಾಗಿ ಸುಮಲತಾಳ ಕಡೆ ತಿರುಗಿ ಕೇಳಿದರು:

"ಇದನ್ನೆಲ್ಲ ಯೋಚನೆ ಮಾಡಿದ್ದು ನೀವೇನಾ?"

ಇಷ್ಟು ದಿನ ಕಾದದ್ದು ಈ ಒಂದು ಪ್ರಶ್ನೆಗೆ. ಹೌದ್ರಿ ಅಂದಿದ್ದರೆ ಮುಗಿದಿತ್ತು. ಆದರೆ ಹಿರಿಯರು ಹೊಗಳಿದರೆ ಎದುರು ನಿಂತು ಹೌದು ಅನ್ನುವುದನ್ನು ನಮ್ಮ ಕಡೆ ಯಾವ ತಾಯಿ ಮಗಳಿಗೆ ಕಲಿಸಿದ್ದಾಳೆ? ನಿನ್ನ ಹೋಳಿಗೆ ಚಲೋ ಆಗ್ಯಾವ ಅಂದರೆ, ಬೆಲ್ಲ ಚಲೋ ಇತ್ರಿ ಅನ್ನಬೇಕು. ಸುಮಲತಾ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ ಅಂದಳು:

"ನಂದೇನೈತ್ರಿ ಮೇಡಂ. ಎಲ್ಲಾ ಸಾಹೇಬರ ಮಾರ್ಗದರ್ಶನ."

ಅಂದು, ಪಕ್ಕದಲ್ಲಿ ನಿಂತಿದ್ದ ಪ್ರವೀಣಕುಮಾರನ ಕಡೆ ನೋಡಿದಳು. ಮುಂದಿನ ಮಾತನ್ನು ಅವನು ಆಡುತ್ತಾನೆ, ಇಲ್ಲ ಮೇಡಂ, ಆಕೆಯೇ ಮಾಡಿದ್ದು ಎನ್ನುತ್ತಾನೆ ಎಂದು ಕಾದಳು. ನಮ್ಮಲ್ಲಿ ಪದ್ಧತಿ ಹಾಗೆ: ನಾನು ತಗ್ಗಿದರೆ ನೀನು ಎತ್ತಬೇಕು. ಅವನು ಕೈಮುಗಿದು, ನಂದೂ ಏನಿಲ್ಲ ಮೇಡಂ, ಎಲ್ಲ ದೇವರು ಮಾಡಿಸಿದ್ದು ಅಂದ. ನಿರ್ದೇಶಕಿಗೆ ಅವನ ವಿನಯ ಕಂಡು ಬಹಳ ಸಂತೋಷವಾಯಿತು. ನೋಡಿ ಹೇಗಿದೆ! ಇಬ್ಬರೂ ಆಡಿದ್ದು ಒಂದೇ ಮಾತು. ಅವನ ಬಾಯಲ್ಲಿ ಅದು ದೊಡ್ಡತನ, ಇವಳ ಬಾಯಲ್ಲಿ ಅದು ಸಾಕ್ಷಿ. ಹಿಂದೆ ನಿಂತಿದ್ದ ಹೊನ್ನೂರಮ್ಮ, ಏ ಸುಮಕ್ಕಾ, ಬಾಯಿ ಬಿಡಬಾರದಾ ಎಂದು ಗೊಣಗಿದ್ದು ಕಾರಿನ ಬಾಗಿಲು ಹಾಕುವ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಐದು ತಾಲ್ಲೂಕಿನ ಕೆಲಸ ಪ್ರವೀಣಕುಮಾರನಿಗೆ ಸಿಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸುದ್ದಿ ತಿಳಿದ ದಿನ ಸುಮಲತಾ ಧೈರ್ಯ ಮಾಡಿ ನಿರ್ದೇಶಕಿಗೆ ಮೇಲ್ ಬರೆದಳು. ನಾನು ಮಾಡಿದ್ದು ಇದು, ಓಬಳೇಶ್ ಮಾಡಿದ್ದು ಇದು, ಶೈಲಾ ಮಾಡಿದ್ದು ಇದು, ಅಂದು ಸಂಕೋಚಕ್ಕೆ ಹಾಗಂದೆ. ಉತ್ತರ ಮೃದುವಾಗಿಯೇ ಬಂತು. ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಎಲ್ಲರೆದುರು ನಾನು ಕೇಳಿದಾಗ ನೀವೇ ಹೇಳಿದ್ದಿರಿ, ಈಗ ನೇಮಕಾತಿ ಆದ ಮೇಲೆ ಬೇರೆ ಹೇಳುತ್ತಿದ್ದೀರಿ, ಇದು ನಿಮಗೆ ಶೋಭೆಯಲ್ಲ ಎಂದಿತ್ತು. ನಿರ್ದೇಶಕಿಯದೂ ತಪ್ಪೆನ್ನಲು ಬರುವುದಿಲ್ಲ. ಸುಮಲತಾ ಮತ್ತೆ ಬರೆಯಲಿಲ್ಲ.

ಮಾರ್ಚಿಗೆ ಮೂವರೂ ಮನೆಗೆ ಬಂದರು. ಓಬಳೇಶ್ ಹರಪನಹಳ್ಳಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಶೈಲಾ ಚಿಗಟೇರಿಗೆ ಮದುವೆಯಾಗಿ ಹೋದಳು. ಸುಮಲತಾ ಕೊಟ್ಟೂರಿನಲ್ಲಿ ತರಕಾರಿ ಖರೀದಿಸಿ ದೂರದೂರಿಗೆ ಕಳಿಸುವ ಹೊಸ ಕಂಪನಿಗೆ ಅರ್ಜಿ ಹಾಕಿದಳು. ಅವರಿಗೆ ಬೇಕಾಗಿದ್ದದ್ದು ಪ್ಯಾಕಿಂಗ್ ಮತ್ತು ಸಾಗಣೆಯ ಮೇಲ್ವಿಚಾರಕರು. ಇವಳಿಗಲ್ಲದೆ ಇನ್ಯಾರಿಗೆ ಬರಬೇಕು ಆ ಕೆಲಸ?

ಕಂಪನಿಯ ಮಾಲೀಕ ಹಾಲೇಶಪ್ಪ ಸಮಾಧಾನದ ಮನುಷ್ಯ. ಕೂರಿಸಿ ಚಹಾ ಕೊಟ್ಟ. ಈ ಸಲ ಸುಮಲತಾ ತಲೆ ತಗ್ಗಿಸಲಿಲ್ಲ. ನಾನು ಇದನ್ನು ಮಾಡಿದೆ, ಮೊದಲು ಹೀಗೆ ಕೆಟ್ಟಿತು, ಆಮೇಲೆ ಹೀಗೆ ಸರಿಮಾಡಿದೆ ಎಂದು ಒಂದೊಂದಾಗಿ ಹೇಳಿದಳು. ಹಾಲೇಶಪ್ಪ ಪೂರ್ತಿ ಕೇಳಿ, ಹಡಗಲಿ ಮಲ್ಲಿಗೆ ಪೆಟ್ಟಿಗೆ ಅಂದರೆ ಪ್ರವೀಣಕುಮಾರ್ ಅವರದಲ್ಲವಾ, ಪೇಪರಿನಲ್ಲಿ ಫೋಟೊ ಬಂದಿತ್ತಲ್ಲ ಅಂದ. ಇಲ್ರಿ, ಮಾಡಿದ್ದು ನಾವು ಮೂವರು ಅಂದಳು. ಅವನು ಬೇಜಾರೇನೂ ಮಾಡಿಕೊಳ್ಳದೆ, ಹಂಗಾದ್ರ ಅವರನ್ನೇ ಒಂದು ಮಾತು ಕೇಳೋಣ, ಹಳೇ ಮ್ಯಾನೇಜರನ್ನು ಕೇಳುವುದು ಎಲ್ಲ ಕಡೆ ಇರುವ ಪದ್ಧತಿಯೇ ಎಂದು ಅವಳೆದುರೇ ಫೋನು ಹಚ್ಚಿ ಸ್ಪೀಕರ್ ಒತ್ತಿದ.

ಪ್ರವೀಣಕುಮಾರನ ದನಿಯಲ್ಲಿ ನಿಜವಾದ ಪ್ರೀತಿ ಇತ್ತು.

"ಸುಮಲತಾ ಏನ್ರಿ? ಕಣ್ಣು ಮುಚ್ಚಿ ತಗೊಳ್ರಿ. ಬಂಗಾರದಂಥ ಹೆಣ್ಣುಮಗಳು. ಹೇಳಿದ್ದನ್ನ ಹೇಳಿದಂಗ ಮಾಡ್ತಾಳ."

ಹಾಲೇಶಪ್ಪ ಫೋನಿಟ್ಟು ಅವಳ ಅರ್ಜಿಯನ್ನು ಮಡಚಿದ. ಮೇಲ್ವಿಚಾರಕರಾಗಿ ಸ್ವಂತ ಬುದ್ಧಿ ಓಡಿಸುವವರು ಬೇಕಮ್ಮ, ತಪ್ಪು ತಿಳಿಯಬ್ಯಾಡ, ಕೆಳಗೆ ಶೆಡ್ಡಿನಲ್ಲಿ ಪೆಟ್ಟಿಗೆ ತುಂಬುವ ಹೆಂಗಸರ ಜೊತೆ ಒಂದು ಜಾಗ ಐತಿ ಅಂದ. ಮಗಳ ಶಾಲೆ ಶುರುವಾಗುವುದರಲ್ಲಿತ್ತು. ಸುಮಲತಾ ಸೋಮವಾರದಿಂದ ಬರುತ್ತೇನೆ ಅಂದಳು.