ಹಸಿ ಗಚ್ಚಿನ ಬಾಣಂತಿಕೋಣೆ

ಚೊಚ್ಚಲ ಹೆರಿಗೆಗೆಂದು ಧಾರವಾಡದಿಂದ ಪುಣೆಯ ತವರಿಗೆ ಬಂದರೆ, ಬಾಣಂತಿಕೋಣೆಯ ಗೋಡೆ ಅರ್ಧಕ್ಕರ್ಧ ಕಿತ್ತು ಹೋಗಿತ್ತು! ಮಾಳಿಗೆಯ ತೊಲೆಗಳನ್ನು ಮರದ ಕಂಬಗಳು ಹೊತ್ತು ನಿಂತಿದ್ದವು. ನನಗೆ ಮೈಯೆಲ್ಲ ಉರಿಯಿತು. ಬಸುರಿ ಮಗಳು ಬರುವ ಹೊತ್ತಿಗೇ ಈ ಕೆಲಸ ಹಿಡಿಯಬೇಕಿತ್ತೇ?

"ನಾವು ಕೀಳದಿದ್ರ ಅದ ಬೀಳತಿತ್ತವಾ," ಎಂದರು ಅಪ್ಪ. ಅವರು ಕಟ್ಟಡ ಇಲಾಖೆಯ ಓವರ್ಸಿಯರು. ಮನೆ ಅಜ್ಜನ ಕಾಲಕ್ಕಿಂತ ಹಳೆಯದು, ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನದು. ಹಿಂದೊಮ್ಮೆ ಯಾರೋ ಗೋಡೆಯ ಬುಡಕ್ಕೆ ಸಿಮೆಂಟು ಬಳಿದಿದ್ದರು. ನೆಲದಿಂದೇರಿದ ತೇವ ಹೊರಗೆ ಆರಲು ದಾರಿಯಿಲ್ಲದೆ ಒಳಗಿನ ಇಟ್ಟಿಗೆ ಪುಡಿಯಾಗಿತ್ತು. ಈಗ ಸುಣ್ಣ, ಮರಳು, ಇಟ್ಟಿಗೆಪುಡಿ ಸೇರಿಸಿ ಗಾಣದಲ್ಲಿ ಅರೆದ ಗಚ್ಚಿನಿಂದ, ಗೌಂಡಿಗಳು ತುಸುತುಸುವೇ ಕಿತ್ತು ತುಸುತುಸುವೇ ಕಟ್ಟುತ್ತಿದ್ದರು. ಕಟ್ಟಿದ ಭಾಗಕ್ಕೆಲ್ಲ ಒದ್ದೆ ಗೋಣಿತಟ್ಟು ಹೊದಿಸಿದ್ದರು.

ಅವ್ವನಿಗೆ ಆ ಒದ್ದೆ ಕಂಡರೆ ಆಗುತ್ತಿರಲಿಲ್ಲ. "ಬಾಣಂತಿ ಥಂಡ್ಯಾಗ ಮಲಗಬೇಕೇನ್ರಿ? ಕೆಂಡದ ಶೇಗಡಿ ಇಡೂಣು, ಗ್ವಾಡಿನೂ ಒಣಗತದ."

"ಲಗೂನ ಒಣಗಿದ್ರ ಗಚ್ಚು ಕೂಡಂಗಿಲ್ಲ, ಉದರತದ. ಈ ಸಲ ಆಕಿ ಪಡಸಾಲ್ಯಾಗ ಹಡೀಲಿ."

"ಗಂಡಸರು ಕೂಡೂ ಜಾಗಾದಾಗ? ಅಯ್ಯ ಶಿವನೇ! ನಮ್ಮ ಮನಿ ಹೆಣ್ಣಮಕ್ಕಳೆಲ್ಲ ಒಳಗಿನ ಕ್ವಾಣ್ಯಾಗ ಹಡದಾರ."

ಅಪ್ಪ ಕಚೇರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಧಿಗೆ ಮುಂಚೆಯೇ ಹೆರಿಗೆ ಬ್ಯಾನಿ ಶುರುವಾಯಿತು. ಅವ್ವ ಯಾರನ್ನೂ ಕೇಳಲಿಲ್ಲ. ಗೋಣಿತಟ್ಟು ಕಿತ್ತೆಸೆದಳು, ಕೆಂಡ ತುಂಬಿದ ಶೇಗಡಿಯನ್ನು ಹೊಸ ಗೋಡೆಗೆ ತಾಗಿಸಿಟ್ಟಳು, ನನ್ನನ್ನು ಅಲ್ಲೇ ಮಲಗಿಸಿದಳು.

ಸೂಲಗಿತ್ತಿ ಬರುವುದರೊಳಗೆ ಕಪ್ಪಗೆ ತೇವವಾಗಿದ್ದ ಗಚ್ಚು ಬಿಳಿಚಿತ್ತು. ಇಟ್ಟಿಗೆಗಳ ಸಂದಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದವು. ಸಣ್ಣಗೆ ಮರಳು ಉದುರಿತು. ಅಷ್ಟರಲ್ಲಿ ಮಾಳಿಗೆಯ ಮೇಲೆ ಯಾರೋ ನಡೆದಾಡಿದರು, ತಲೆಯ ಮೇಲೆ ತೊಲೆ ಕಿರ್ರೆಂದಿತು. ನಾನು ಎದ್ದು ಕೂತೆ.

"ಅವ್ವಾ, ಕೆಂಡ ತಗೀ. ನಾ ಇಲ್ಲಿ ಹಡಿಯಾಕಿ ಅಲ್ಲ."

"ಹುಚ್ಚಿ, ಇಂಥಾ ಹೊತ್ತಿನ್ಯಾಗ ಹಟ ಮಾಡ್ತಿ?"

"ಈ ಗ್ವಾಡಿ ಕೆಟ್ರ ಈ ಮನ್ಯಾಗ ಯಾರೂ ಇರೂದಿಲ್ಲ, ಹಡಿಯೂದು ದೂರ!"

ಎಂದೂ ಅವ್ವನಿಗೆ ಎದುರಾಡದವಳು ಅಂದು ಕಿರುಚಿಬಿಟ್ಟೆ. ಸೂಲಗಿತ್ತಿಯ ಹೆಗಲು ಹಿಡಿದು, ಹಲ್ಲು ಕಚ್ಚಿ, ಪಡಸಾಲೆಗೆ ನಡೆದೆ. ಅಪ್ಪನ ಒರಗುದಿಂಬುಗಳನ್ನೆಲ್ಲ ಸರಿಸಿ ಸೂಲಗಿತ್ತಿ ಬಾಗಿಲು ಹಾಕಿದಳು. ಅಲ್ಲೇ ಮಗಳು ಹುಟ್ಟಿದಳು.

ಅಪ್ಪ ಗೌಂಡಿಯೊಂದಿಗೆ ಗೋಡೆ ನೋಡಿ ಬಂದು, ಪಡಸಾಲೆಯ ಬಾಗಿಲಾಚೆಯೇ ನಿಂತು ಹೇಳಿದರು: "ಸುಟ್ಟದ್ದು ಮ್ಯಾಲಿನ ಗಚ್ಚು ಅಷ್ಟ. ಕೆರದು ಮತ್ತ ತುಂಬ್ತಾರ. ಒಳಗಿಂದು ಇನ್ನೂ ಹಸಿ ಅದ, ಉಳೀತು." ಅವ್ವ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಸಿಟ್ಟೆಲ್ಲ ಇಳಿದು ಅಳು ಬಂತು.

ಮಾರನೆಯ ಬೆಳಿಗ್ಗೆ ಕೂಸಿಗೆ ಎರೆಯಲು ನೀರು ಕಾದಿತ್ತು. ಅವ್ವನ ಸುಳಿವಿಲ್ಲ. ಕೂಗಿದೆ.

"ತಡಿಯವಾ," ಎಂದಳು ಒಳಗಿನ ಕೋಣೆಯಿಂದ, "ಮೊದಲ ಗ್ವಾಡಿಗೆ ನೀರು ಹಾಕಿ ಬರ್ತೇನಿ."