ಹಲಗೆಯ ಹಿಂದೆ ನಿಂತ ಉಮೇಶ

ಜಾಲಹಳ್ಳಿಯ ಶೇಖರಪ್ಪನವರ ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟುಗಳಿಗೆ ಜೋಡಿ ಕ್ಯಾಮೆರಾ ಕೂಡಿಸುತ್ತಾರೆ. ಎರಡೂ ಕಣ್ಣು ಒಂದೇ ಪೆಟ್ಟಿಗೆಯನ್ನು ನೋಡುತ್ತವೆ. ಎರಡು ಚಿತ್ರಗಳಲ್ಲಿ ಅದು ಎಷ್ಟು ಸರಿದು ಕಂಡಿತೆಂಬುದರಿಂದ ದೂರದ ಲೆಕ್ಕ ಸಿಗುತ್ತದೆ. ಆ ಕಣ್ಣುಗಳನ್ನು ಹದಕ್ಕೆ ತರುವವನು ಉಮೇಶ ಒಬ್ಬನೇ ಎಂದು ಊರೆಲ್ಲ ನಂಬಿತ್ತು. ಉಮೇಶನಂತೂ ಊರಿಗಿಂತ ಮೊದಲೇ ನಂಬಿದ್ದ.

ಆಮೇಲೆ ವೇದಾ ಬಂದಳು. ಅವಳು ಜೋಡಿಸಿದ ಕ್ಯಾಮೆರಾ ಇವನದಕ್ಕಿಂತ ಚೊಕ್ಕವಾಗಿ ಅಳೆಯಿತು. ಅಂದಿನಿಂದ ಉಮೇಶನಿಗೆ ಕ್ಯಾಂಟೀನಿನ ಉಪ್ಪಿಟ್ಟೂ ರುಚಿಸಲಿಲ್ಲ.

ಎರಡು ಸಾವಿರದ ಹದಿನಾರರ ಆಯುಧಪೂಜೆ. "ಮೊದಲು ವೇದಾ ಮೆಷಿನ್ನಿಗೆ ಕುಂಕುಮ ಇಡೋ ಉಮೇಶ, ಹಬ್ಬ ಮುಗಿದ ಮೇಲೆ ಚಿಕ್ಕಬೈರಪ್ಪನವರು ನೋಡೋಕೆ ಬರ್ತಾರೆ" ಎಂದರು ಶೇಖರಪ್ಪ. ಸೋಲದೇವನಹಳ್ಳಿಯಲ್ಲಿ ಗೋಡೌನು ಕಟ್ಟಿಸಿರುವ ಚಿಕ್ಕಬೈರಪ್ಪ ಒಪ್ಪಿದರೆ ಇಡೀ ಆರ್ಡರು ವೇದಾಳ ಹೆಸರಿಗೆ. ಉಮೇಶ ಹೊಟ್ಟೆಕಿಚ್ಚನ್ನೆಲ್ಲ ಹೆಬ್ಬೆರಳಿಗೆ ತಂದು, ಕ್ಯಾಮೆರಾದ ಬಲಗಣ್ಣಿನ ಡಬ್ಬಿಯ ಅಂಚಿಗೆ ಗಟ್ಟಿಯಾಗಿ ಒತ್ತಿ ಬೊಟ್ಟಿಟ್ಟ. ಡಬ್ಬಿ ಕೂದಲೆಳೆಯಷ್ಟು ತಿರುಗಿತು. ಅವನಿಗೆ ಗೊತ್ತಾಯಿತು. ಸುಮ್ಮನೆ ಮಂಗಳಾರತಿ ತೆಗೆದುಕೊಂಡ.

ಚಿಕ್ಕಬೈರಪ್ಪ ಬರುವ ದಿನ ಬೆಳಿಗ್ಗೆ ವೇದಾ ಪರೀಕ್ಷೆಗೆ ಕೂತಳು. ಒಂದು ಮೀಟರ್ ದೂರದ ಪೆಟ್ಟಿಗೆಗೆ ಎರಡೇ ಸೆಂಟಿಮೀಟರ್ ತಪ್ಪು. ನಾಲ್ಕು ಮೀಟರಿನದಕ್ಕೆ ನಲವತ್ತು! ಉಮೇಶನಿಗೆ ಒಳಗೇ ಒಬ್ಬಟ್ಟು ಬಡಿಸಿದಂತಾಯಿತು.

"ಹತ್ರ ಸರಿ, ದೂರ ಹೋದಷ್ಟೂ ಜಾಸ್ತಿ ತಪ್ಪು. ಅಂದ್ರೆ ಯಾವ್ದೋ ಕಣ್ಣು ತಿರುಗಿದೆ" ಎಂದಳು ವೇದಾ. ಬೊಟ್ಟನ್ನು ನೋಡಿದಳು, ಉಮೇಶನನ್ನೂ ನೋಡಿದಳು. "ದೇವರ ಕೆಲಸ, ಬಿಡಿ. ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿ ಎರಡೂ ಕಣ್ಣು ಹದಕ್ಕೆ ತರೋಣ. ಉಮೇಶಣ್ಣ, ಹಲಗೆ ಹಿಡೀತೀರಾ? ನಿಮ್ಮಷ್ಟು ಅಲ್ಲಾಡದೆ ಹಿಡಿಯೋರು ಇಲ್ಲಿ ಇನ್ಯಾರೂ ಇಲ್ಲ."

ಕಪ್ಪು ಬಿಳುಪು ಚೌಕಗಳ ಹಲಗೆಯನ್ನು ಬೇರೆ ಬೇರೆ ಓರೆಯಲ್ಲಿ ಹಿಡಿದು ಫೋಟೋ ತೆಗೆದರೇ ಕಣ್ಣು ಹದಕ್ಕೆ ಬರುವುದು. ಪ್ರತಿ ಸಲವೂ ಕ್ಯಾಮೆರಾಕ್ಕೆ ನೇರವಾಗಿಯೇ ಹಿಡಿದರೆ ಸಾಕಿತ್ತು, ಲೆಕ್ಕ ಕೆಡುತ್ತಿತ್ತು. ಉಮೇಶನಿಗೆ ಅದೂ ಗೊತ್ತಿತ್ತು. ಮೊದಲ ಫೋಟೋಕ್ಕೆ ಹಾಗೇ ಹಿಡಿದ, ಎರಡನೆಯದಕ್ಕೂ.

"ಏನ್ ಉಮೇಶಣ್ಣ, ಕೈ ಮರೆತುಬಿಡ್ತಾ?"

ಈ ಮಾತು ಚುಚ್ಚಿತು. ಹೊಟ್ಟೆಕಿಚ್ಚು ಒಂದು ಕಡೆ. ಕೆಲಸ ಬರೋದಿಲ್ಲ ಅನ್ನಿಸಿಕೊಳ್ಳೋದು ಇನ್ನೊಂದು ಕಡೆ. ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಮೇಲಕ್ಕೆತ್ತಿದ, ಮೂಲೆಗೆ ಒಯ್ದ, ಹತ್ತಿರ ತಂದ, ದೂರ ನಿಂತ. ಉಸಿರು ಬಿಗಿಹಿಡಿದ. ಹಲಗೆ ಎಲ್ಲೂ ಅಲುಗಲಿಲ್ಲ.

ಮಧ್ಯಾಹ್ನ ಚಿಕ್ಕಬೈರಪ್ಪ ತಾವೇ ಟೇಪು ಎಳೆದು ನೋಡಿದರು. ಟೇಪಿನ ನಾಲ್ಕು ಮೀಟರಿಗೆ ಕ್ಯಾಮೆರಾದಲ್ಲೂ ನಾಲ್ಕೇ ಮೀಟರು. "ಬಲೇ ಮಗಾ! ಇಂಗೆ ಇರ್ಬೇಕು ಕೆಲ್ಸ" ಎಂದು ವೇದಾಳ ಬೆನ್ನು ತಟ್ಟಿದರು. "ಇದನ್ನ ಹದ ಮಾಡಿದ್ದು ಹೆಂಗವ್ವಾ?"

ವೇದಾ ಬೆಳಗಿನ ಫೋಟೋಗಳನ್ನು ತೆರೆದಳು. "ಉಮೇಶಣ್ಣ ಹಲಗೆ ಹಿಡಿದಿದ್ದು, ಸಾರ್."

ಚಿಕ್ಕಬೈರಪ್ಪ ಒಂದೊಂದನ್ನೇ ನೋಡಿದರು. ಎಲ್ಲದರಲ್ಲೂ ಚೌಕಗಳು ಸ್ಪಷ್ಟವಾಗಿದ್ದವು, ಅಂಚಿನಲ್ಲಿ ಎಂಟು ಬೆರಳು, ಕೆಳಗೆ ಒಂದು ಜೊತೆ ಚಪ್ಪಲಿ.

"ಯಾರಪ್ಪಾ ಉಮೇಶ? ಮುಕಾನೇ ಕಾಣಾಕಿಲ್ವಲ್ಲ" ಎಂದರು.

ಬಾಗಿಲ ಬಳಿ ಹಲಗೆ ಒರೆಸುತ್ತಿದ್ದ ಉಮೇಶ ಬಲಗೈಯ ಹೆಬ್ಬೆರಳನ್ನು ಮಡಿಚಿಕೊಂಡ. ಕುಂಕುಮದ ಕೆಂಪು ಇನ್ನೂ ಉಗುರಿನ ಸಂದಿಯಲ್ಲಿತ್ತು.