ರಿಂಗು ಬಂತು, ದನಿ ಬರಲಿಲ್ಲ

ನಮ್ಮನೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದರು. ಜೊತೆಯವರು ಅವರಿಗೆ 'ಇನ್ನೊಂದ್ಸಲ' ಅಂತ ಅಡ್ಡಹೆಸರಿಟ್ಟಿದ್ದರು. ಎಲ್ಲವನ್ನೂ ಎರಡು ಸಲ ನೋಡುವ ಚಾಳಿ. ಮನೆ ಬೀಗವನ್ನೂ ಎರಡು ಸಲ ಎಳೆಯುತ್ತಿದ್ದರು. ಒಂದು ದಿನ ಮಾತ್ರ ಒಂದೇ ಸಲ ನೋಡಿದರು.

ಆಗ ಅಮ್ಮ ತಂಗಿಯ ಊರಿನ ಆಸ್ಪತ್ರೆಯಲ್ಲಿದ್ದಳು. ಜ್ವರ ನೆತ್ತಿಗೇರಿ ಮೈಮೇಲೆ ಎಚ್ಚರವಿರಲಿಲ್ಲ. ಬೆಳಿಗ್ಗೆ ಏಳಕ್ಕೆ ತಂಗಿ ಫೋನ್ ಮಾಡಿ, ಅಮ್ಮನಿಗೆ ಒಗ್ಗದ ಮದ್ದು ಯಾವುದಾದರೂ ಇದೆಯಾ ಅಂತ ಡಾಕ್ಟರು ಕೇಳುತ್ತಿದ್ದಾರೆ ಎಂದಳು. ಇತ್ತು. ಹಿಂದೊಮ್ಮೆ ನಮ್ಮ ಮನೆಯಲ್ಲಿದ್ದಾಗ ಒಂದು ಇಂಜೆಕ್ಷನ್‌ಗೆ ತುಟಿ ಊದಿ ಉಸಿರೇ ಕಟ್ಟಿತ್ತು. ಹೆಸರು ನೆನಪಿಲ್ಲ, ಚೀಟಿ ಎಲ್ಲೋ ಇದೆ. ಹತ್ತು ಗಂಟೆಗೆ ಮತ್ತೆ ಮಾಡು, ಹುಡುಕಿಡುತ್ತೇನೆ ಎಂದೆ. ಹನ್ನೊಂದಕ್ಕೆ ಇಂಜೆಕ್ಷನ್ ಶುರು ಎಂದಳು.

ಪೆಟ್ಟಿಗೆಯೆಲ್ಲ ಕೆದಕಿ ಚೀಟಿ ತೆಗೆದೆ. ಹತ್ತಕ್ಕೆ ಫೋನು ರಿಂಗಾಯಿತು. ಎತ್ತಿದೆ. ಸದ್ದಿಲ್ಲ. ಕೂಗಿದೆ. ಬಾವಿಗೆ ಕೂಗಿದ ಹಾಗೆ. ಇಟ್ಟೆ. ನಾನೇ ಆಸ್ಪತ್ರೆಗೆ ಮಾಡಿದೆ. ಅಲ್ಲಿ ಎತ್ತಿದ್ದು ತಿಳಿಯಿತು, ಆದರೆ ದನಿ ಇಲ್ಲ. ಮತ್ತೆ ರಿಂಗಾಯಿತು. ಈ ಸಲ ಒಬ್ಬ ಗಂಡಸು. ಅವನು ತನ್ನ ಮಗನ ಅಂಗಡಿಗೆ ಮಾಡಿದ್ದನಂತೆ. ನಾನು ಯಾರು ಅಂತ ನನ್ನನ್ನೇ ಗದರಿದ.

ಹತ್ತೂಕಾಲು. ಎಕ್ಸ್‌ಚೇಂಜಿಗೆ ಮಾಡಿದೆ. ಊರೊಳಗಿನ ಫೋನು ಸರಿಯಾಗಿತ್ತು. ಇವರೇ ಎತ್ತಿದರು. ಪರದೆಯಲ್ಲಿ ಎಲ್ಲಾ ಹಸಿರು ಇದೆ, ಏನೂ ಕೆಟ್ಟಿಲ್ಲ ಎಂದರು. ಆ ಗಂಡಸಿನ ವಿಷಯ ಹೇಳಿದೆ.

"ಲೇ, ನಾನೇ ಕಣೇ," ಅಂದರು. "ಬೆಳಿಗ್ಗೆ ಕೇಬಲ್ ನಾನೇ ಹಾಕಿದ್ದು."

ಆಮೇಲೆ ಅವರೇ ಬಿಡಿಸಿ ಹೇಳಿದ್ದು ಇಷ್ಟು. ನಮ್ಮೂರಿಗೂ ತಂಗಿಯ ಊರಿಗೂ ನಡುವೆ ಮೂರು ಕೇಬಲ್. ಒಂದೊಂದರಲ್ಲಿ ಮೂವತ್ತು ಮಾತಿನ ದಾರಿ. ಯಾರು ಯಾರಿಗೆ ಮಾಡಿದರು, ರಿಂಗು ಕೊಡು, ಎತ್ತಿದರು, ಇಟ್ಟರು, ಈ ಸುದ್ದಿ ಮಾತಿನ ದಾರಿಯಲ್ಲಿ ಹೋಗುವುದಿಲ್ಲ. ಅದಕ್ಕೆ ಮೂರನೇ ಕೇಬಲಿನಲ್ಲಿ ಬೇರೆಯೇ ಒಂದು ದಾರಿ. ತೊಂಬತ್ತಕ್ಕೂ ಅದೊಂದೇ. ಅವತ್ತು ಒಂಬತ್ತು ಗಂಟೆಗೆ ಕೇಬಲ್ ಬದಲಾಯಿಸುವಾಗ ಇವರು ಒಂದನೆಯದನ್ನು ಎರಡರ ಜಾಗಕ್ಕೆ, ಎರಡನೆಯದನ್ನು ಒಂದರ ಜಾಗಕ್ಕೆ ಚುಚ್ಚಿದ್ದರು. ಸುದ್ದಿಯ ದಾರಿ ಕೆಟ್ಟಿರಲಿಲ್ಲ. ಒಂದನೇ ಕೇಬಲಿನ ಏಳನೇ ದಾರಿ ಹಿಡಿ ಎಂದು ಅದು ಆ ಊರಿಗೆ ಹೇಳುತ್ತಿತ್ತು. ಆ ಊರು ಹಿಡಿಯುತ್ತಿತ್ತು. ಮಾತು ಮಾತ್ರ ಎರಡನೇ ಕೇಬಲಿನ ಏಳರಲ್ಲಿ ಹೋಗುತ್ತಿತ್ತು. ಅಲ್ಲಿ ಯಾರೂ ಇಲ್ಲದಿದ್ದರೆ ಮೌನ, ಇದ್ದರೆ ಯಾರದೋ ದನಿ. ರಿಂಗು ಸರಿ ಇದ್ದದ್ದಕ್ಕೆ ಪರದೆ ಹಸಿರು. ಒಂದೊಂದು ದಾರಿಯಲ್ಲೂ ಮಾತಾಡಿ ನೋಡಬೇಕಿತ್ತು. ಹಸಿರು ಕಂಡಿತು, ಟೀ ಕುಡಿಯಲು ಹೋದರು.

ತಿರುಗಿಸಿ ಚುಚ್ಚಿದರೆ ಮುಗಿಯಿತು. ಆದರೆ ಸಾಹೇಬರು ಬಿಡಲಿಲ್ಲವಂತೆ. ಅಲಾರಾಮೇ ಹೊಡೆದಿಲ್ಲ, ಜನ ಮಾತಾಡೋ ಹೊತ್ತು, ಮೇಲಿನವರ ಅಪ್ಪಣೆ ಬೇಕು ಎಂದರಂತೆ. ಅಮ್ಮನ ವಿಷಯ ಹೇಳಿದ್ದಕ್ಕೆ, "ನಿಮ್ಮತ್ತೆಗೋಸ್ಕರ ಅರವತ್ತು ಲೈನ್ ಕೀಳ್ತೀರೇನ್ರೀ?" ಅಂದರಂತೆ. ತಪ್ಪು ತನ್ನದೇ ಎಂದು ಬರೆದುಕೊಟ್ಟರೆ ಮಾತ್ರ ಮುಟ್ಟಿ ಎಂದರಂತೆ. ಇವರು ನಿಂತೇ ಬರೆದರು.

ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಫೋನಿನ ಮುಂದೆ ನೆಲದ ಮೇಲೆ ಕುಳಿತಿದ್ದೆ. ಹತ್ತೂವರೆ ಆಯಿತು. ಹತ್ತೂ ಮುಕ್ಕಾಲಾಯಿತು. ರಿಂಗಿಲ್ಲ. ತಂಗಿ ಬೇಸತ್ತು ಬಿಟ್ಟಳೇನೋ, ಇಂಜೆಕ್ಷನ್ ಕೊಡಿ ಅಂದುಬಿಟ್ಟಳೇನೋ. ನಾನೇ ಮಾಡೋಣವೆಂದರೆ, ಅದೇ ಹೊತ್ತಿಗೆ ಅವಳು ಮಾಡಿದರೆ? ಕೈ ಚಾಚುವುದು, ಹಿಂದೆ ತೆಗೆಯುವುದು.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ರಿಂಗಾಯಿತು. ಎತ್ತಲು ಹೆದರಿಕೆ.

"ಅಕ್ಕಾ, ಎಲ್ಲಿ ಸತ್ತಿದ್ಯೇ? ಸೂಜಿ ತಂದಿಟ್ಟಿದ್ದಾರೆ!"

ಚೀಟಿಯ ಅಕ್ಷರ ಒಂದೊಂದಾಗಿ ಓದಿದೆ. ನನಗೆ ಬಿಡಿಸಿ ಓದುವುದೇ ಬರುವುದು. ಪೆ, ನ್ಸಿ, ಲಿ, ನ್. ಅವಳು ರಿಸೀವರ್ ಹಾಗೇ ಇಟ್ಟು ಓಡಿದಳು. ಆ ಕಡೆಯ ಗೋಡೆ ಗಡಿಯಾರದ ಟಿಕ್ಕು ಕೇಳುತ್ತಿತ್ತು. ಯಾರೋ ಕೆಮ್ಮಿದರು. ಎಷ್ಟು ಹೊತ್ತೋ. ಬಂದು, ಬೇರೆ ಮದ್ದು ಕೊಡ್ತಾರಂತೆ ಎಂದಳು. ಆಗ ನಾನು ಅತ್ತುಬಿಟ್ಟೆ.

ಬರೆದುಕೊಟ್ಟ ತಪ್ಪಿಗೆ ಇವರನ್ನು ಆರು ತಿಂಗಳು ಉಗ್ರಾಣದ ಕೆಲಸಕ್ಕೆ ಹಾಕಿದರು. ಮೆಮೋ ತಂದು ನನ್ನ ಮುಂದಿಟ್ಟು, "ಅಮ್ಮಂಗೆ ಹೇಳ್ಬೇಡ ಕಣೇ," ಅಂದರು. ಅಳಿಯನ ಕೈಯಿಂದ ಜೀವ ಹೋಗುತ್ತಿತ್ತು ಅಂತ ಅಮ್ಮನಿಗೆ ಗೊತ್ತಾಗುವುದು ಇವರಿಗೆ ಬೇಡವಾಗಿತ್ತು. ಹೇಳಲಿಲ್ಲ.

ಇವರು ತೀರಿಹೋಗಿ ನಾಲ್ಕು ತಿಂಗಳಾಯಿತು. ಅಮ್ಮ ಇದ್ದಾಳೆ. ನಿನ್ನೆ ಇವರ ಫೋಟೋ ಒರೆಸುತ್ತಾ, ಇಂಥಾ ಜಾಗ್ರತೆ ಮನುಷ್ಯನನ್ನ ನಾನು ನೋಡೇ ಇಲ್ಲ ಎಂದಳು. ಹೌದಮ್ಮಾ ಎಂದೆ. ಇವರು ತಪ್ಪೊಪ್ಪಿ ಬರೆದುಕೊಟ್ಟದ್ದನ್ನೂ ಹೇಳಬೇಕು ಅನ್ನಿಸುತ್ತದೆ. ಅದನ್ನು ಹೇಳಿದರೆ ಕೇಬಲ್ ತಪ್ಪಾಗಿ ಚುಚ್ಚಿದ್ದನ್ನೂ ಹೇಳಬೇಕು. ಬಾಯಿ ಬರುವುದಿಲ್ಲ.